ಹಿಟ್ಟು ಬೀಸುವುದೋ, ಕೊಳ್ಳುವುದೋ: ನಮ್ಮ ರೊಟ್ಟಿ ಮನೆಯ ಆರು ತಿಂಗಳ ಲೆಕ್ಕ

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ನಮ್ಮ ಗಿರಣಿಯ ಮೋಟರ್ ಸುಟ್ಟಿತು. ಕಲಬುರಗಿಯಲ್ಲಿ ರೊಟ್ಟಿ ವ್ಯಾಪಾರ ಮಾಡುವವರಿಗೆ ಈ ಒಂದು ವಾಕ್ಯ ಸಾಕು. ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ. ವರ್ಷದಲ್ಲೇ ಅತಿ ಹೆಚ್ಚು ರೊಟ್ಟಿ ಬೇಕಾಗುವ ದಿನ. ಅವತ್ತು ರಾತ್ರಿ ಓಣಿಯ ಗಿರಣಿಯ ಮುಂದೆ ಜೋಳದ ಚೀಲ ಇಟ್ಟುಕೊಂಡು ಕುಳಿತಿದ್ದಾಗಲೇ ಈ ಪ್ರಶ್ನೆ ಮೊದಲು ಹೊಳೆದದ್ದು: ಹಿಟ್ಟನ್ನು ನಾವೇ ಯಾಕೆ ಬೀಸಬೇಕು? ಅಷ್ಟು ಹೊತ್ತಿಗೆ ತೀರ್ಮಾನವಾಗಬಹುದಾದ ವಿಷಯ ಎಂದುಕೊಂಡಿದ್ದೆ. ಆರು ತಿಂಗಳು ಹಿಡಿಯಿತು, ಮೂರು ಸಲ ಉತ್ತರ ತಿರುಗಿ ಬಿತ್ತು. ನನ್ನ ಹಾಗೆ ರೊಟ್ಟಿ, ಶೇಂಗಾ ಹಿಂಡಿ, ಖಾರದ ಪುಡಿ ಮಾಡುವ ಸಣ್ಣ ಘಟಕದವರು ಬಹಳ ಮಂದಿ ಇದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸ್ಥಿತಿ. ರಿಂಗ್ ರೋಡಿಗೆ ಹತ್ತಿರ ಒಂದು ಬಾಡಿಗೆ ಶೆಡ್ಡು. ಹದಿನೆಂಟು ಮಂದಿ ಹೆಣ್ಣುಮಕ್ಕಳು ದಿನಕ್ಕೆ ಸುಮಾರು ನಾಲ್ಕು ಸಾವಿರ ಖಡಕ್ ರೊಟ್ಟಿ ಬಡಿಯುತ್ತಾರೆ. ಕೆ.ಜಿ. ಹಿಟ್ಟಿಗೆ ಇಪ್ಪತ್ತೈದು ರೊಟ್ಟಿ ಬರುತ್ತವೆ, ಹಾಗಾಗಿ ದಿನಕ್ಕೆ 160 ಕೆ.ಜಿ., ತಿಂಗಳಿಗೆ 4,000 ಕೆ.ಜಿ. ಹಿಟ್ಟು. ಶೆಡ್ಡಿನ ಮೂರನೇ ಒಂದು ಭಾಗದಲ್ಲಿ ಹತ್ತು ಎಚ್‌ಪಿ ಮೋಟರಿನ ಕಲ್ಲಿನ ಗಿರಣಿ. ಮೂರು ವರ್ಷದ ಹಿಂದೆ 1,80,000 ರೂಪಾಯಿ ಕೊಟ್ಟು ತಂದದ್ದು. ಅದನ್ನು ನೋಡಿಕೊಳ್ಳುವವರು ನಾವೆಲ್ಲ ಕಾಕಾ ಎನ್ನುವ ಹಿರಿಯರು. ಜೋಳ ಹಸನು ಮಾಡುವುದು, ಬೀಸುವುದು, ಹದಿನೈದು ದಿನಕ್ಕೊಮ್ಮೆ ಕಲ್ಲು ಬಿಚ್ಚಿ ಉಳಿ ಹೊಡೆದು ಮತ್ತೆ ಒರಟು ಮಾಡುವುದು, ಎಲ್ಲ ಅವರದೇ.

ಮೋಟರಿಗೆ ಮತ್ತೆ ತಂತಿ ಸುತ್ತಿಸಲು 6,500 ಹೋಯಿತು. ಹಬ್ಬ ಮುಗಿದ ಮೇಲೆ ಗಂಜಿನ, ಅಂದರೆ ನಮ್ಮೂರ ಧಾನ್ಯದ ಮಾರುಕಟ್ಟೆಯ, ಒಬ್ಬ ವ್ಯಾಪಾರಿ ಬಂದು, ಬಿಳಿ ಜೋಳದ ಹಿಟ್ಟನ್ನು 50 ಕೆ.ಜಿ. ಚೀಲದಲ್ಲಿ ಬಾಗಿಲಿಗೇ ತಂದು ಇಳಿಸಿ ಕೆ.ಜಿ.ಗೆ 42 ರೂಪಾಯಿಯಂತೆ ಕೊಡುತ್ತೇನೆ ಎಂದರು. ನಮ್ಮ ಹಿಟ್ಟು ನಮಗೆ ಎಷ್ಟಕ್ಕೆ ಬೀಳುತ್ತದೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಜೋಳದ ದರ ಗೊತ್ತಿತ್ತು, ಅಷ್ಟೇ.

ಅಕ್ಕನ ಮಗ ಬಿ.ಕಾಂ. ಓದಿದವನು. ನಮ್ಮ ಲೆಕ್ಕಪತ್ರ ಅವನೇ ನೋಡುತ್ತಾನೆ. ಒಂದು ಭಾನುವಾರ ಕೂರಿಸಿಕೊಂಡೆ. ನೀವೂ ಕೂರುವುದಾದರೆ ಹನ್ನೆರಡು ತಿಂಗಳ ಕರೆಂಟ್ ಬಿಲ್ಲು, ಜೋಳ ಕೊಂಡ ಚೀಟಿಗಳು, ಬಾಡಿಗೆ ಕರಾರು ಪತ್ರ, ಸಂಬಳದ ಪುಸ್ತಕ ಮುಂದಿಟ್ಟುಕೊಂಡೇ ಕೂರಿ. ಕರಾರು ಪತ್ರ ಯಾಕೆ ಎಂದು ಆಗ ನನಗೂ ಅನಿಸಿತ್ತು. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಅವನು ಬರೆದದ್ದು ಹೀಗೆ. ಕಸ, ಕಡ್ಡಿ, ಹೊಟ್ಟು ಹೋಗುವುದರಿಂದ 4,000 ಕೆ.ಜಿ. ಹಿಟ್ಟಿಗೆ 4,100 ಕೆ.ಜಿ. ಜೋಳ ಬೇಕು, 35 ರೂಪಾಯಿಯಂತೆ 1,43,500. ಬೀಸಲು ಸುಟ್ಟ ಕರೆಂಟು 3,200. ಕಾಕಾ ಅವರ ಸಂಬಳ 11,000. ಬೆಲ್ಟು, ಬೇರಿಂಗು, ಕಲ್ಲಿನ ಖರ್ಚು 1,300. ಗಿರಣಿಯ ಲೋಡಿಗಾಗಿ ಬಿಲ್ಲಿನಲ್ಲಿ ಬರುವ ನಿಗದಿತ ಶುಲ್ಕ 1,500. ಶೆಡ್ಡಿನ ಬಾಡಿಗೆ 24,000, ಅದರಲ್ಲಿ ಗಿರಣಿಯ ಪಾಲು 8,000. ಮೇಲ್ವಿಚಾರಣೆ ಮಾಡುವ ಅಕ್ಕನ ಸಂಬಳದಲ್ಲಿ ಐದನೇ ಒಂದು ಪಾಲು, 3,000. ಗಿರಣಿಯ ಸವಕಳಿ 3,000. ಒಟ್ಟು 1,74,500. ಕೆ.ಜಿ.ಗೆ 43 ರೂಪಾಯಿ 62 ಪೈಸೆ.

"ನೋಡಿ ಚಿಕ್ಕಮ್ಮ, ಕೊಂಡರೆ 1,68,000. ತಿಂಗಳಿಗೆ ಆರೂವರೆ ಸಾವಿರ ಉಳಿತಾಯ. ಗಿರಣಿ ಮುಚ್ಚಿಬಿಡಿ" ಎಂದ.

ಸುಟ್ಟ ಮೋಟರಿನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಹಾಗಾಗಿ ಉತ್ತರ ಹಿಡಿಸಿತು. ಮನೆಯವರು ಮಾತ್ರ ಒಪ್ಪಲಿಲ್ಲ. "ಈಗ ತಾನೇ 6,500 ಸುರಿದು ಮೋಟರ್ ಕಟ್ಟಿಸಿದ್ದೇವೆ, ಈಗ ಮುಚ್ಚುವುದೇ?" ಎನ್ನುವುದು ಅವರ ವಾದ. ಎರಡು ದಿನ ಮನೆಯಲ್ಲಿ ಇದೇ ಜಗಳ. ನಿಜ ಹೇಳಬೇಕೆಂದರೆ ಇಬ್ಬರ ವಾದವೂ ತಪ್ಪಾಗಿತ್ತು. ಆ 6,500 ಹೋದದ್ದು ಹೋಯಿತು, ಗಿರಣಿ ಓಡಿಸಿದರೂ ಅದು ಬರುವುದಿಲ್ಲ, ನಿಲ್ಲಿಸಿದರೂ ಬರುವುದಿಲ್ಲ. ಅವರ ತಪ್ಪು ನನಗೆ ತಕ್ಷಣ ಕಂಡಿತು. ನನ್ನ ಲೆಕ್ಕದ ಹಾಳೆಯಲ್ಲೂ ಅದೇ ಜಾತಿಯ ತಪ್ಪು ಮೂರು ಕಡೆ ಕುಳಿತಿದೆ ಎನ್ನುವುದು ಕಾಣಲು ಶೆಡ್ಡಿನ ಮಾಲೀಕರ ಮನೆಗೆ ಹೋಗಬೇಕಾಯಿತು.

ಗಿರಣಿ ತೆಗೆಯುತ್ತೇವೆ, ಅಷ್ಟು ಜಾಗ ಬಿಟ್ಟುಕೊಡುತ್ತೇವೆ, ಬಾಡಿಗೆಯಲ್ಲಿ ಎಂಟು ಸಾವಿರ ಕಡಿಮೆ ಮಾಡಿ ಎಂದು ಕೇಳಲು ಹೋಗಿದ್ದೆ. ಅವರು ಚಹಾ ತರಿಸಿದರು, ಕರಾರು ಪತ್ರ ತರಿಸಿದರು, ನಕ್ಕರು. "ಇಡೀ ಶೆಡ್ಡಿಗೆ ಬರುವ ವರ್ಷದ ಮಾರ್ಚ್‌ವರೆಗೂ ಸಹಿ ಹಾಕಿದ್ದೀರಲ್ಲವಾ, ತಂಗಿ? ಅಲ್ಲಿ ಗಿರಣಿ ಇಟ್ಟರೂ ನನಗೆ ಇಪ್ಪತ್ತನಾಲ್ಕೇ, ಎಮ್ಮೆ ಕಟ್ಟಿದರೂ ಇಪ್ಪತ್ತನಾಲ್ಕೇ."

ವಾಪಸು ಬರುವಾಗ ಆಟೋದಲ್ಲಿ ಕುಳಿತು ಆ ಹಾಳೆಯ ಒಂದೊಂದು ಸಾಲಿಗೂ ಎಮ್ಮೆಯ ಪ್ರಶ್ನೆ ಹಾಕುತ್ತ ಬಂದೆ. ಗಿರಣಿ ನಿಂತರೆ ಈ ದುಡ್ಡು ನನ್ನ ಕೈಯಲ್ಲಿ ಉಳಿಯುತ್ತದೆಯೇ? ಬಾಡಿಗೆಯ 8,000 ಉಳಿಯುವುದಿಲ್ಲ, ರೊಟ್ಟಿ ಮನೆಯ ಲೆಕ್ಕದಲ್ಲಿ ಹೋಗಿ ಕೂರುತ್ತದೆ. ಮೇಲ್ವಿಚಾರಣೆಯ ಅಕ್ಕನಿಗೆ 15,000 ಕೊಡುವುದೇ. ಹಿಟ್ಟು ನೋಡುವ ಕೆಲಸ ತಪ್ಪಿತೆಂದು 12,000 ಕೊಡಲಾಗುವುದಿಲ್ಲ. ಸವಕಳಿ ಎನ್ನುವುದು ಮೂರು ವರ್ಷದ ಹಿಂದೆ ಕೊಟ್ಟ ದುಡ್ಡನ್ನು ಪುಸ್ತಕದಲ್ಲಿ ತುಂಡು ತುಂಡಾಗಿ ಬರೆಯುವ ಕ್ರಮ. ಈ ತಿಂಗಳು ಯಾರಿಗೂ ಕೊಡುವ ದುಡ್ಡಲ್ಲ. ಈ ಮೂರು ಸೇರಿ 14,000. ಹಾಳೆಯಿಂದ ಹೊಡೆದು ಹಾಕಿದರೆ ಬೀಸುವ ಖರ್ಚು 1,60,500ಕ್ಕೆ ಇಳಿಯಿತು. ಕೊಂಡರೆ ಉಳಿತಾಯವಲ್ಲ, ತಿಂಗಳಿಗೆ 7,500 ನಷ್ಟ.

ಹುಡುಗನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಮ್ಮ, ಇದು ನಮಗೆ ಪಾಠದಲ್ಲೇ ಇತ್ತು" ಎಂದ. ತೀರ್ಮಾನದಿಂದ ಬದಲಾಗುವ ವೆಚ್ಚ ಮಾತ್ರ ತೀರ್ಮಾನಕ್ಕೆ ಸಂಬಂಧಿಸಿದ ವೆಚ್ಚ; ಸ್ಥಿರ ವೆಚ್ಚದಲ್ಲಿ ತಪ್ಪಿಸಬಹುದಾದದ್ದನ್ನು ಮಾತ್ರ ಹಿಡಿಯಬೇಕು, ಹಂಚಿಕೆಯಾಗಿ ಬಂದದ್ದನ್ನು ಬಿಡಬೇಕು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದನಂತೆ. ಬೈಯಲಿಲ್ಲ. ವರ್ಷದ ಕೊನೆಗೆ ಲಾಭ ನಷ್ಟ ತೆಗೆಯಲು ಅವನ ಹಾಳೆ ಸರಿಯೇ ಇತ್ತು. ಗಿರಣಿ ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ.

ಇಲ್ಲೊಂದು ಮಾತು. ಸ್ಥಿರ ವೆಚ್ಚ ಎಂದಾಕ್ಷಣ ಎಲ್ಲವನ್ನೂ ಹೊಡೆದು ಹಾಕಬೇಡಿ. ನಿಗದಿತ ಶುಲ್ಕದ 1,500 ಕೂಡ ಸ್ಥಿರವೇ, ಒಂದು ಕಾಳು ಬೀಸದಿದ್ದರೂ ಬಿಲ್ಲಿನಲ್ಲಿ ಬರುತ್ತದೆ. ಆದರೆ ಹತ್ತು ಎಚ್‌ಪಿ ಲೋಡನ್ನು ಇಳಿಸಿಕೊಂಡರೆ ಅದು ನಿಲ್ಲುತ್ತದೆ. ಹಾಗೆಯೇ ಬಾಡಿಗೆ ಮಾರ್ಚ್‌ವರೆಗೆ ತಪ್ಪಿಸಲಾಗದ ವೆಚ್ಚ. ಕರಾರು ಮುಗಿದ ದಿನ ಚಿಕ್ಕ ಶೆಡ್ಡು ಹಿಡಿಯಬಹುದು ಎಂದಾದರೆ ಅದೇ ಬಾಡಿಗೆ ತಪ್ಪಿಸಬಹುದಾದ ವೆಚ್ಚವಾಗುತ್ತದೆ. ವೆಚ್ಚದ ಹೆಸರು ನೋಡಬೇಡಿ, ಎಷ್ಟು ದಿನದ ತೀರ್ಮಾನ ಎಂದು ನೋಡಿ.

ಆಮೇಲೆ ಕಾಕಾ ಅವರ ವಿಷಯ. ಹಾಳೆಯಲ್ಲಿ ಅವರ 11,000 ಪೂರ್ತಿ ಉಳಿಯುತ್ತದೆ ಎಂದು ಬರೆದಿತ್ತು. ಅಂದರೆ ಅವರನ್ನು ಕೆಲಸದಿಂದ ತೆಗೆಯುತ್ತೇವೆ ಎಂದರ್ಥ. ಆ ಸಾಲು ಓದಿದಾಗ ಅವರು ಎದುರಿಗೇ ಮೊರ ಹಿಡಿದು ಜೋಳ ಕೇರುತ್ತಿದ್ದರು. ಮೀಸೆಯ ಮೇಲೆಲ್ಲ ಹಿಟ್ಟು. ನಾನು ಅವರನ್ನು ತೆಗೆಯುವುದಿಲ್ಲ, ಅದು ನನಗೆ ಮೊದಲೇ ಗೊತ್ತಿತ್ತು. ಹಾಗಿದ್ದ ಮೇಲೆ ಆ 11,000 ಉಳಿತಾಯ ಹೇಗಾಗುತ್ತದೆ? ಆದರೆ ಸೊನ್ನೆಯೂ ಅಲ್ಲ. ಪ್ಯಾಕಿಂಗಿಗೆ 8,000 ಸಂಬಳದ ಮೇಲೆ ಒಬ್ಬ ಹುಡುಗಿಯನ್ನು ತೆಗೆದುಕೊಳ್ಳಬೇಕೆಂದು ಅದಾಗಲೇ ಮಾತಾಡಿದ್ದೆವು. ಗಿರಣಿ ನಿಂತರೆ ಕಾಕಾ ಪ್ಯಾಕಿಂಗಿಗೆ ಬರುತ್ತಾರೆ, ಆ ಹುಡುಗಿ ಬೇಕಾಗುವುದಿಲ್ಲ. ಹಾಗಾಗಿ ಅವರು ಗಿರಣಿಯಲ್ಲಿ ಇರುವುದರ ನಿಜವಾದ ಬೆಲೆ ಅವರ ಸಂಬಳವಲ್ಲ, ಅವರು ಅಲ್ಲಿರುವುದರಿಂದ ನಾನು ಬೇರೆಯವರಿಗೆ ಕೊಡಬೇಕಾಗುವ 8,000. ಬೀಸುವ ಖರ್ಚು 1,57,500ಕ್ಕೆ ಇಳಿಯಿತು. ಕೊಳ್ಳುವುದಕ್ಕಿಂತ 10,500 ಕಡಿಮೆ.

ಅಲ್ಲಿಗೆ ಮುಗಿಯಿತು ಎಂದು ವ್ಯಾಪಾರಿಗೆ ಬೇಡ ಎಂದು ಹೇಳಿಬಿಟ್ಟೆ. ಫೆಬ್ರುವರಿಯಲ್ಲಿ ಗಂಜಿಗೆ ಹೊಸ ಜೋಳ ಬರತೊಡಗಿತ್ತು, ಅದರ ಗಡಿಬಿಡಿ ಬೇರೆ.

ಮಾರ್ಚಿನಲ್ಲಿ ಒಂದು ವಿದ್ಯಾರ್ಥಿ ನಿಲಯಕ್ಕೆ ಊಟ ಒದಗಿಸುವ ಗುತ್ತಿಗೆದಾರರು ಬಂದರು. ದಿನಕ್ಕೆ ಐದುನೂರು ಖಡಕ್ ರೊಟ್ಟಿ ಬೇಕು, ರೊಟ್ಟಿಗೆ ಆರೂವರೆ ರೂಪಾಯಿ. ಜಾಗವಿಲ್ಲ ಎಂದು ಕಳಿಸಿಬಿಟ್ಟೆ. ಖಡಕ್ ರೊಟ್ಟಿಗೆ ಬಡಿಯಲು ಮಾತ್ರ ಜಾಗ ಸಾಲದು. ಹಂಚಿನ ಮೇಲಿಂದ ತೆಗೆದ ಮೇಲೆ ನಿಲ್ಲಿಸಿ, ಹರಡಿ, ನೀರಿನಂಶ ಪೂರ್ತಿ ಹೋಗುವವರೆಗೂ ಆರಿಸಬೇಕು. ಹಸಿ ಇದ್ದಾಗಲೇ ಚೀಲಕ್ಕೆ ತುಂಬಿದರೆ ಎರಡೇ ದಿನಕ್ಕೆ ಬೂಸಲು. ಅವರು ಹೊರಟ ಮೇಲೆ ತಿರುಗಿ ನೋಡಿದರೆ ಶೆಡ್ಡಿನ ಮೂರನೇ ಒಂದು ಭಾಗ ಹಿಡಿದುಕೊಂಡು ಗಿರಣಿ ಕುಳಿತಿದೆ. ದಿನಕ್ಕೆ ಓಡುವುದು ಎರಡೂವರೆ ತಾಸು.

ಆ ಜಾಗಕ್ಕೆ ನಾನು ಬಾಡಿಗೆಯ ಪಾಲನ್ನು ಹೊಡೆದು ಹಾಕಿದ್ದು ಸರಿ. ಆದರೆ ಅದರರ್ಥ ಜಾಗ ಪುಕ್ಕಟೆ ಎಂದಲ್ಲ. ಅದರಲ್ಲಿ ಬೇರೇನು ಮಾಡಬಹುದಿತ್ತೋ ಅದೇ ಅದರ ಬೆಲೆ. ಅವಕಾಶ ವೆಚ್ಚ ಎನ್ನುವುದು ಇದನ್ನೇ. ಯಾವ ಬಿಲ್ಲಿನಲ್ಲೂ ಬರುವುದಿಲ್ಲ, ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹಾಗಾಗಿ ಕಣ್ಣಿಗೂ ಬೀಳುವುದಿಲ್ಲ.

ಎರಡು ದಾರಿ ಇದ್ದವು. ಪಕ್ಕದ ಸಿಮೆಂಟ್ ಅಂಗಡಿಯವರು ಗೋದಾಮಿಗಾಗಿ 6,000 ಕೊಡಲು ತಯಾರಿದ್ದರು. ಮಾಲೀಕರು ಒಳಬಾಡಿಗೆಗೆ ಒಪ್ಪಬೇಕಾದರೆ ತಮಗೆ ಎರಡು ಸಾವಿರ ಬೇಕು ಎಂದರು, ಕರಾರಿನಲ್ಲೂ ಹಾಗೆಯೇ ಇತ್ತು. ಅಂದರೆ ಕೈಗೆ 4,000. ಇನ್ನೊಂದು ದಾರಿ ಆ ಐದುನೂರು ರೊಟ್ಟಿ. ಒಂದು ರೊಟ್ಟಿಗೆ ಹಿಟ್ಟು 1 ರೂಪಾಯಿ 68 ಪೈಸೆ, ಬಡಿದವರ ಕೂಲಿ 2 ರೂಪಾಯಿ, ಗ್ಯಾಸು 80 ಪೈಸೆ, ಪ್ಯಾಕಿಂಗ್ ಮತ್ತು ಸಾಗಾಟ 1 ರೂಪಾಯಿ. ಆರೂವರೆಯಲ್ಲಿ ಉಳಿಯುವುದು ಒಂದು ರೂಪಾಯಿಗಿಂತ ಎರಡು ಪೈಸೆ ಹೆಚ್ಚು. ಒಂದು ರೂಪಾಯಿ ಎಂದೇ ಹಿಡಿದೆ. ತಿಂಗಳಿಗೆ 12,500 ರೊಟ್ಟಿ, 12,500 ರೂಪಾಯಿ.

ನನ್ನ ಉತ್ಸಾಹಕ್ಕೆ ಎರಡನ್ನೂ ಕೂಡಿಸಿ 16,500 ಎಂದು ಬರೆದಿದ್ದೆ. ಮನೆಯವರು ನೋಡಿ, "ಒಂದೇ ಜಾಗದಲ್ಲಿ ಸಿಮೆಂಟೂ ಇಡುತ್ತೀಯಾ, ರೊಟ್ಟಿಯೂ ಆರಿಸುತ್ತೀಯಾ?" ಎಂದರು. ಬಿಟ್ಟ ದಾರಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದೋ ಅದೊಂದನ್ನೇ ಹಿಡಿಯಬೇಕು.

12,500 ಸೇರಿಸಿದರೆ ನಾವೇ ಬೀಸುವುದರ ಬೆಲೆ 1,70,000. ಕೊಂಡರೆ 1,68,000. ಮತ್ತೆ ಉತ್ತರ ತಿರುಗಿತು! ಬೇಡ ಎಂದು ಕಳಿಸಿದ ಇಬ್ಬರಿಗೂ ಫೋನ್ ಮಾಡುವುದು ಎಷ್ಟು ಮುಜುಗರ ಎಂದು ಹೇಳಲಾರೆ. ಗುತ್ತಿಗೆದಾರರು ಜೂನ್‌ನಿಂದ ಶುರು ಮಾಡೋಣ ಎಂದರು. ವ್ಯಾಪಾರಿ ನೂರು ಕೆ.ಜಿ. ಹಿಟ್ಟು ನೋಡಲು ಕಳಿಸಿದರು.

ಈ ನೂರು ಕೆ.ಜಿ. ತರಿಸಿ ನೋಡಿದ್ದು ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ. ಮೊದಲ ಚೀಲ ಬಂದ ದಿನವೇ ಬಿಚ್ಚಿದೆವು. 1,250 ರೊಟ್ಟಿಯಲ್ಲಿ ಸುಮಾರು ನಲವತ್ತು ಮುರಿದವು. ನಮ್ಮ ಹಿಟ್ಟಿನದ್ದೂ ಅಷ್ಟೇ, ನೂರಕ್ಕೆ ಮೂರು. ಎರಡನೆಯ ಚೀಲವನ್ನು ಬೇಕೆಂದೇ ಒಂದು ವಾರ ಇಟ್ಟು ಬಿಚ್ಚಿದೆ. ಚೀಲ ಚೀಲ ಹಿಟ್ಟು ತರಿಸಿದರೆ ಕೊನೆಯ ಚೀಲ ಬಿಚ್ಚುವ ಹೊತ್ತಿಗೆ ಅಷ್ಟಾದರೂ ದಿನ ಆಗಿರುತ್ತದೆ. ಏಪ್ರಿಲ್ ಬಿಸಿಲು, ಶೆಡ್ಡಿನ ಮೇಲೆ ತಗಡು. ಕುದಿ ನೀರು ಹಾಕಿ ನಾದಿದ ಹತ್ತೇ ನಿಮಿಷಕ್ಕೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಅವ್ವ ಹಿಟ್ಟಿನ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿ ಪಕ್ಕಕ್ಕೆ ತಳ್ಳಿದರು. "ಜಿಗಿ ಇಲ್ಲ" ಎಂದರು, ಅಷ್ಟೇ. ಬಡಿದರೆ ಅಂಚು ಸೀಳುತ್ತಿತ್ತು, ಕೈಯಿಂದ ಎತ್ತಿ ಹಂಚಿಗೆ ಹಾಕುವಾಗ ನಡುವೆ ಬಿರುಕು. ಗೋಧಿಯ ಹಿಟ್ಟಿನಲ್ಲಿ ಎಳೆಯುವ ಅಂಟಿದೆ, ಜೋಳದಲ್ಲಿ ಅದಿಲ್ಲ. ಬಿಸಿ ನೀರಿಗೆ ಪಿಷ್ಟ ಕಟ್ಟಿಕೊಂಡು ಬರುವ ಜಿಗಿಯೇ ಅದರ ಆಧಾರ. ಹಿಟ್ಟು ಹಳತಾದಷ್ಟೂ ಅದು ಸಡಿಲವಾಗುತ್ತದೆ, ಜೊತೆಗೆ ಕಹಿಯ ಎಳೆಯೊಂದು ಬರುತ್ತದೆ. ಆ ಚೀಲದಲ್ಲಿ ಮುರಿದದ್ದು ಎಂಬತ್ತೇಳು.

ಎರಡೂ ಸೇರಿ ನೂರಕ್ಕೆ ಐದು. ಮೂರರಿಂದ ಐದಕ್ಕೆ ಏರಿದ್ದು ಚಿಕ್ಕದೆನಿಸುತ್ತದೆ. ಆದರೆ ತಿಂಗಳಿಗೆ ಒಂದು ಲಕ್ಷ ರೊಟ್ಟಿಯಲ್ಲಿ ಎರಡು ಸಾವಿರ ರೊಟ್ಟಿ ಹೆಚ್ಚು ಮುರಿದಂತೆ. ಮುರುಕನ್ನು ಅಗ್ಗಕ್ಕೆ ಮಾರಿದ ಮೇಲೂ ಒಂದಕ್ಕೆ ಐದು ರೂಪಾಯಿ ಹೋಗುತ್ತದೆ, ಹತ್ತು ಸಾವಿರ. ಕೊಂಡ ಹಿಟ್ಟಿನ ನಿಜವಾದ ಬೆಲೆ 1,78,000 ಆಯಿತು. ಗುಣಮಟ್ಟ ಎಂಬ ಮಾತನ್ನು ಲೆಕ್ಕದ ಕೊನೆಯಲ್ಲಿ ಒಂದು ಸಾಲು ಬರೆದು ಬಿಡುತ್ತಾರೆ. ನೂರು ಕೆ.ಜಿ. ತರಿಸಿ, ಮುರಿದದ್ದನ್ನು ಎಣಿಸಿದರೆ ಅದಕ್ಕೂ ರೂಪಾಯಿಯ ಅಂಕೆ ಸಿಗುತ್ತದೆ. ಮೂರು ದಿನಕ್ಕೊಮ್ಮೆ ಹೊಸ ಹಿಟ್ಟು ಕಳಿಸಿ ಎಂದು ಕೇಳಿದೆ. ಆಗುತ್ತದೆ, ಆದರೆ ಕೆ.ಜಿ.ಗೆ ಒಂದೂವರೆ ಹೆಚ್ಚು ಎಂದರು. ಅದೂ 1,74,000. ನಾವೇ ಬೀಸುವ 1,70,000ಕ್ಕಿಂತ ಮೇಲೆಯೇ.

ಏಪ್ರಿಲ್ ತಿಂಗಳು ಪೂರ್ತಿ ತಲೆ ಕೆಟ್ಟಿತ್ತು. ಜಾಗ ಬೇಕು, ಹಿಟ್ಟು ತಾಜಾ ಇರಬೇಕು, ಎರಡೂ ಒಟ್ಟಿಗೆ ಸಿಗುವುದಿಲ್ಲ ಎನ್ನುವಂತಾಗಿತ್ತು.

ಉತ್ತರ ಹೇಳಿದ್ದು ಕಾಕಾ. "ಅಮಾವಾಸ್ಯೆಯ ದಿನ ಎಲ್ಲಿ ಬೀಸಿಸಿದ್ದೆವು, ಅಲ್ಲೇ ಬೀಸಿಸಿದರಾಗದೇ?" ಎಂದರು.

ನಾನು ಇಡೀ ಮೂರು ತಿಂಗಳು ಬೀಸುವುದು ಅಥವಾ ಕೊಳ್ಳುವುದು ಎಂದು ಎರಡೇ ಬಾಗಿಲು ನೋಡುತ್ತಿದ್ದೆ. ಜೋಳ ನಮ್ಮದೇ ಇರಲಿ, ಬೀಸುವ ಕೂಲಿ ಮಾತ್ರ ಹೊರಗೆ ಕೊಡೋಣ ಎನ್ನುವುದು ಕೊಳ್ಳುವುದರಲ್ಲೇ ಒಂದು ಬಗೆ, ಅದು ಹೊಳೆದಿರಲಿಲ್ಲ. ಓಣಿಯ ಗಿರಣಿಯವರು ದಿನವೂ ಬೆಳಿಗ್ಗೆ ಆರು ಗಂಟೆಗೆ, ಯಾರ ಗೋಧಿಯೂ ಬೀಳುವ ಮೊದಲು, ನಮ್ಮ 160 ಕೆ.ಜಿ. ಬೀಸಿಕೊಡಲು ಒಪ್ಪಿದರು. ಕೆ.ಜಿ.ಗೆ ನಾಲ್ಕು ರೂಪಾಯಿ. ಈ "ಮೊದಲು" ಎನ್ನುವುದನ್ನು ಮರೆಯದೆ ಕರಾರು ಮಾಡಿಕೊಳ್ಳಿ. ಗೋಧಿ ಬೀಸಿದ ಕಲ್ಲಿಗೆ ಜೋಳ ಹಾಕಿದರೆ ಮೊದಲ ಎರಡು ಮೂರು ಕೆ.ಜಿ. ಬೆರಕೆ ಬರುತ್ತದೆ. ನಾವು ಅಷ್ಟನ್ನು ಬೇರೆ ಹಿಡಿಸಿ ಪಕ್ಕಕ್ಕೆ ಇಡುತ್ತೇವೆ.

ಲೆಕ್ಕ ಹೀಗಾಯಿತು. ಜೋಳ ಅದೇ 1,43,500. ಬೀಸುವ ಕೂಲಿ 16,000. ದಿನಕ್ಕೆ 150 ಆಟೋ, 3,750. ಕಾಕಾ ಅರ್ಧ ದಿನ ಜೋಳ ಹಸನು ಮಾಡುತ್ತಾರೆ, ಅರ್ಧ ದಿನ ಪ್ಯಾಕಿಂಗ್. ಹುಡುಗಿ ಅರ್ಧ ದಿನಕ್ಕೆ ಬಂದರೆ ಸಾಕು, 4,000. ಒಟ್ಟು 1,67,250. ಹಿಟ್ಟು ಅವತ್ತಿನದೇ, ಹಾಗಾಗಿ ಮುರುಕಿನ ನಷ್ಟವಿಲ್ಲ. ಜಾಗ ಖಾಲಿ. ನಾವೇ ಬೀಸುವುದಕ್ಕಿಂತ 2,750 ಕಡಿಮೆ.

ಈ 2,750 ಸಿಗುವುದು ಲೋಡ್ ಇಳಿದ ಮೇಲೆ. ಆ 1,500 ಬಿಲ್ಲಿನಲ್ಲಿ ಬರುತ್ತಲೇ ಇದ್ದರೆ ನಿಜವಾದ ಉಳಿತಾಯ 1,250 ಮಾತ್ರ. ಅರ್ಜಿ ಕೊಟ್ಟದ್ದು ಮೇ ಮೊದಲ ವಾರ. ಬಾಡಿಗೆ ಶೆಡ್ಡಾದ್ದರಿಂದ ಮಾಲೀಕರ ಒಪ್ಪಿಗೆ ಪತ್ರ ಬೇಕೆಂದರು. ಅದು ಕೊಟ್ಟರೆ ಹಳೆಯ ಬಾಕಿ ಇಲ್ಲವೆಂದು ತೋರಿಸಿ ಎಂದರು. ಅದೂ ಆದ ಮೇಲೆ ಬಂದು ನೋಡುವವರು ರಜೆಯ ಮೇಲಿದ್ದರು. ಗಿರಣಿಯ ತಂತಿ ಬಿಚ್ಚಿದ್ದೇವೆಯೇ ಎಂದು ಅವರು ಕಣ್ಣಾರೆ ನೋಡಿದ ಮೇಲೆಯೇ ಕಾಗದ ಮುಂದೆ ಹೋಗುವುದು. ನಾಲ್ಕು ಸಲ ಕಚೇರಿಗೆ ಓಡಾಡಿದೆ. ಹೊಸ ಲೋಡಿನ ಬಿಲ್ಲು ಬಂದದ್ದು ಜುಲೈಯಲ್ಲಿ. ನೀವು ಮಾಡುವುದಾದರೆ ಅರ್ಜಿಯನ್ನು ಮೊದಲು ಕೊಡಿ, ಹಿಟ್ಟಿನ ವ್ಯವಸ್ಥೆ ಆಮೇಲೆ ಬದಲಿಸಿ. ಇನ್ನೊಂದು ಎಚ್ಚರಿಕೆ: ಇಳಿಸಿದ ಲೋಡನ್ನು ಮತ್ತೆ ಏರಿಸಬೇಕಾದರೆ ಠೇವಣಿ ಕಟ್ಟಬೇಕು. ಇಳಿಸುವುದೂ ಒಂದು ತೀರ್ಮಾನವೇ.

ಇನ್ನೊಂದು ಸತ್ಯವನ್ನೂ ಹೇಳಿಬಿಡುತ್ತೇನೆ. ವಿದ್ಯಾರ್ಥಿ ನಿಲಯ ವರ್ಷದಲ್ಲಿ ಎರಡು ತಿಂಗಳು ಮುಚ್ಚಿರುತ್ತದೆ. ಆ ಎರಡು ತಿಂಗಳು ಖಾಲಿ ಜಾಗ ನನಗೇನೂ ಗಳಿಸಿಕೊಡುವುದಿಲ್ಲ, ಹೊರಗೆ ಬೀಸಿಸುವುದು ತಿಂಗಳಿಗೆ 9,750 ದುಬಾರಿ. ಹತ್ತು ತಿಂಗಳ ಲಾಭದಲ್ಲಿ ಎರಡು ತಿಂಗಳ ನಷ್ಟ ಕಳೆದರೆ ವರ್ಷಕ್ಕೆ ಉಳಿಯುವುದು ಎಂಟು ಸಾವಿರ ಅಷ್ಟೇ. ಇಷ್ಟಕ್ಕಾಗಿ ಇಷ್ಟೆಲ್ಲ ಓಡಾಟವೇ ಎಂದು ಮನೆಯವರು ಕೇಳಿದರು. ಜೂನ್‌ನಲ್ಲಿ ಗುತ್ತಿಗೆದಾರರು ಐದುನೂರನ್ನು ಆರುನೂರೈವತ್ತು ಮಾಡಿದ್ದರಿಂದ ನಾನು ಬಾಯಿ ಮಾಡಲು ಸ್ವಲ್ಪ ಜಾಗ ಸಿಕ್ಕಿತು. ಅದು ಬರದೇ ಹೋಗಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಗಿರಣಿ ಈಗ ತಾಡಪಾಲು ಹೊದ್ದು ಹಿತ್ತಲ ಮಾಡಿನ ಕೆಳಗೆ ನಿಂತಿದೆ. ಹಳೆಯ ಯಂತ್ರ ಕೊಳ್ಳುವವರು 60,000ಕ್ಕೆ ಕೇಳಿದ್ದಾರೆ. ಪುಸ್ತಕದಲ್ಲಿ ಅದರ ಬೆಲೆ ಇನ್ನೂ 72,000 ಇದೆ, ಹನ್ನೆರಡು ಸಾವಿರ ನಷ್ಟಕ್ಕೆ ಹೇಗೆ ಕೊಡುವುದು ಎಂದು ಅಕ್ಕನ ಮಗ ಮತ್ತೆ ಶುರು ಮಾಡಿದ್ದ. ಎಮ್ಮೆಯ ಪ್ರಶ್ನೆ ಕೇಳಿದೆ, ಸುಮ್ಮನಾದ. ಪುಸ್ತಕದ 72,000 ಯಾರೂ ಕೊಡುವುದಿಲ್ಲ; ಕೈಗೆ ಬರುವ 60,000 ಮಾತ್ರ ನಿಜ. ಅದನ್ನು ಹಾಗೇ ನಿಲ್ಲಿಸಿದರೆ ಆ ದುಡ್ಡು ಸಾಲಕ್ಕೆ ಕಟ್ಟಿ ಉಳಿಸಬಹುದಾಗಿದ್ದ ಬಡ್ಡಿ, ತಿಂಗಳಿಗೆ ಸುಮಾರು ಆರುನೂರು, ಹೋಗುತ್ತಿದೆ. ಅಷ್ಟು ಕೊಟ್ಟು ದಸರೆಯವರೆಗೆ ನೋಡುತ್ತೇನೆ. ಯಾಕೆಂದರೆ ಓಣಿಯ ಗಿರಣಿಯವರು ದೀಪಾವಳಿಗೆ ಐವತ್ತು ಪೈಸೆ ಏರಿಸಬೇಕಾಗುತ್ತದೆ ಎಂದು ಈಗಲೇ ಗೊಣಗುತ್ತಿದ್ದಾರೆ. ಐವತ್ತು ಪೈಸೆಗೆ ನನಗೆ ತೊಂದರೆ ಇಲ್ಲ. ನಿಲಯ ತೆರೆದಿರುವ ತಿಂಗಳಲ್ಲಿ, ಐದುನೂರು ರೊಟ್ಟಿಯ ಲೆಕ್ಕದಲ್ಲಿ 2,750ನ್ನು 4,000 ಕೆ.ಜಿ.ಗೆ ಹಂಚಿದರೆ 68 ಪೈಸೆ. ರೊಟ್ಟಿ ಆರಿಸುವ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡದಾಗಿ 4.68 ಎಂದು ಬರೆದಿಟ್ಟಿದ್ದೇನೆ. ಹೊಸದಾಗಿ ಬಂದ ಹುಡುಗಿ ಅದನ್ನು ಯಾರದೋ ಬಾಕಿ ಎಂದುಕೊಂಡು ಎರಡು ಸಲ ಒರೆಸಿದಳು.